ಪೇಸ್ಲಿಪ್‌ನಲ್ಲಿ ತಪ್ಪು ಕಡಿತ: ಪೇರೋಲ್‌ಗೆ ಬರೆಯುವ ಇಮೇಲ್ ಮತ್ತು ಬಾಕಿಯ ಲೆಕ್ಕ

ಪೇಸ್ಲಿಪ್‌ನಲ್ಲಿ ಸಂಬಳ ಕಡಿತವಾಗುವುದು ಎರಡು ಕಡೆ. ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ, ಆದಾಯ ತೆರಿಗೆ ಇವೆಲ್ಲ ಕಡಿತಗಳ ಕಾಲಂನಲ್ಲಿ ಒಂದೊಂದು ಸಾಲಾಗಿ ನಿಲ್ಲುತ್ತವೆ. ಅಲ್ಲಿ ಹೊಸ ಸಾಲೊಂದು ಬಂದರೆ ಅಥವಾ ಮೊತ್ತ ಏರಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಸಂಬಳವಿಲ್ಲದ ರಜೆಯ ಕಡಿತ ಹಾಗಲ್ಲ. ಕಚೇರಿಗಳಲ್ಲಿ ಎಲ್ಲರೂ ಎಲ್‌ಒಪಿ, ಅಂದರೆ ಲಾಸ್ ಆಫ್ ಪೇ ಎಂದು ಕರೆಯುವ ಇದು ಸಾಮಾನ್ಯವಾಗಿ ಕಡಿತಗಳ ಕಾಲಂಗೆ ಬರುವುದಿಲ್ಲ. ಗಳಿಕೆಯ ಕಾಲಂನಲ್ಲಿರುವ ಬೇಸಿಕ್, ಮನೆ ಬಾಡಿಗೆ ಭತ್ಯೆ, ವಿಶೇಷ ಭತ್ಯೆಗಳನ್ನೇ ಅದು ಸ್ವಲ್ಪ ಸ್ವಲ್ಪ ಕುಗ್ಗಿಸಿಬಿಡುತ್ತದೆ. ಚೀಟಿಯ ಮೇಲ್ಭಾಗದಲ್ಲಿ ಸಣ್ಣದಾಗಿ ಬರೆದಿರುವ 'ಸಂಬಳ ನೀಡಿದ ದಿನಗಳು' ಎಂಬ ಸಾಲಿನಲ್ಲಿ 30ರ ಬದಲು 26 ಎಂದಿರುವುದೊಂದೇ ಅದರ ಗುರುತು.

ಹೀಗಾಗಿ ತಪ್ಪು ಎಲ್‌ಒಪಿ ತಿಂಗಳುಗಟ್ಟಲೆ ಗೊತ್ತಾಗದೆ ಉಳಿದುಬಿಡಬಹುದು. ಗೊತ್ತಾದ ಮೇಲೂ ಅದನ್ನು ಸರಿಪಡಿಸುವಂತೆ ಬರೆಯುವ ಇಮೇಲ್‌ಗಳು ಅನೇಕ ಸಲ ಕೆಲಸ ಮಾಡುವುದಿಲ್ಲ. 'ಈ ತಿಂಗಳು ಸಂಬಳ ಕಡಿಮೆ ಬಂದಿದೆ, ದಯವಿಟ್ಟು ನೋಡಿ' ಎಂದಷ್ಟೇ ಬರೆದರೆ, ಯಾವ ದಿನ, ಯಾವ ರಜೆ, ಎಷ್ಟು ಹಣ ಎಂದು ಪೇರೋಲ್ ವಿಭಾಗ ಮರಳಿ ಕೇಳುತ್ತದೆ. ಆ ಪ್ರಶ್ನೋತ್ತರ ಮುಗಿಯುವಷ್ಟರಲ್ಲಿ ಮುಂದಿನ ತಿಂಗಳ ಲೆಕ್ಕವೂ ಮುಚ್ಚಿಹೋಗಿರುತ್ತದೆ. ಕಡಿತ ಹೇಗೆ ಆಯಿತು, ಬಾಕಿ ಎಷ್ಟು, ಅದು ಮುಂದಿನ ಚೀಟಿಯಲ್ಲಿ ಹೇಗೆ ಕಾಣಬೇಕು ಎಂಬ ಮೂರು ಸಂಗತಿ ತಿಳಿದಿದ್ದರೆ ಒಂದೇ ಇಮೇಲ್‌ನಲ್ಲಿ ಕೆಲಸ ಮುಗಿಯುತ್ತದೆ.

ತಪ್ಪು ಹುಟ್ಟುವ ಬಗೆ

ಸಂಬಳದ ಲೆಕ್ಕ ಮಾಡುವ ಪೇರೋಲ್ ವಿಭಾಗ ಯಾರ ಹಾಜರಿಯನ್ನೂ ತಾನಾಗಿ ಗುರುತಿಸುವುದಿಲ್ಲ, ಯಾರ ರಜೆಯನ್ನೂ ಮಂಜೂರು ಮಾಡುವುದಿಲ್ಲ. ಹಾಜರಿ ಯಂತ್ರದಿಂದ ಬಂದ ದಾಖಲೆ, ರಜೆ ಪೋರ್ಟಲ್‌ನಿಂದ ಬಂದ ಮಂಜೂರಾತಿ, ಮಾನವ ಸಂಪನ್ಮೂಲ ವಿಭಾಗದಿಂದ ಬಂದ ಸಂಬಳದ ವಿವರ ಇವುಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವುದಷ್ಟೇ ಅದರ ಕೆಲಸ. ಎಷ್ಟೋ ಕಂಪನಿಗಳಲ್ಲಿ ಈ ಕೆಲಸವನ್ನು ಹೊರಗಿನ ಸಂಸ್ಥೆಯೊಂದು ಮಾಡುತ್ತದೆ. ಅಲ್ಲಿರುವವರಿಗೆ ನೌಕರರ ಮುಖಪರಿಚಯವೂ ಇರುವುದಿಲ್ಲ. ಅವರ ಮುಂದಿರುವುದು ಸಾಲುಗಳೂ ಸಂಖ್ಯೆಗಳೂ ಮಾತ್ರ.

ತಿಂಗಳ ಕೊನೆಯ ದಿನ ಸಂಬಳ ಬ್ಯಾಂಕ್ ಖಾತೆಗೆ ಜಮೆಯಾಗಬೇಕಾದರೆ ಲೆಕ್ಕ ಕೆಲವು ದಿನ ಮೊದಲೇ ಮುಗಿಯಬೇಕು. ಅದಕ್ಕಾಗಿ ಪ್ರತಿ ಕಂಪನಿಯೂ ಒಂದು ಗಡುವು ಇಟ್ಟುಕೊಂಡಿರುತ್ತದೆ. ಇದಕ್ಕೆ ಕಟ್-ಆಫ್ ಎನ್ನುತ್ತಾರೆ. ಗಡುವು 25ನೇ ತಾರೀಖು ಎಂದುಕೊಂಡರೆ, ಅಂದಿನವರೆಗೆ ಪೋರ್ಟಲ್‌ನಲ್ಲಿ ಮಂಜೂರಾದ ರಜೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಜರಿಯೂ ಇಲ್ಲದ, ಮಂಜೂರಾದ ರಜೆಯೂ ಇಲ್ಲದ ದಿನವನ್ನು ತಂತ್ರಾಂಶ ಗೈರುಹಾಜರಿ ಎಂದು ಓದುತ್ತದೆ, ಆ ದಿನದ ಸಂಬಳವನ್ನು ಬಿಟ್ಟುಬಿಡುತ್ತದೆ. ರಜೆಗೆ ಅರ್ಜಿ ಹಾಕಿಯಾಗಿದೆ, ಮೇಲಿನವರು ಬಾಯಿಮಾತಿನಲ್ಲಿ ಒಪ್ಪಿಯೂ ಆಗಿದೆ, ಆದರೆ ಪೋರ್ಟಲ್‌ನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದ್ದು ಗಡುವು ಕಳೆದ ಎರಡು ದಿನಕ್ಕೆ ಎಂದಾದರೆ ಅಷ್ಟು ಸಾಕು: ಹಕ್ಕಿನ ರಜೆ ಎಲ್‌ಒಪಿಯಾಗಿ ಬದಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಡವಾಗಿ ಮಂಜೂರಾದ ರಜೆ ಪೋರ್ಟಲ್‌ನಲ್ಲಿ ಮಂಜೂರಾದ ರಜೆಯೇ. ಆದ್ದರಿಂದ ನೌಕರರ ರಜೆ ಖಾತೆಯಿಂದ ಅಷ್ಟೂ ದಿನ ಕಳೆದುಹೋಗುತ್ತವೆ. ಅತ್ತ ಸಂಬಳವೂ ಕಡಿತವಾಗಿರುತ್ತದೆ, ಇತ್ತ ರಜೆಯೂ ಖರ್ಚಾಗಿರುತ್ತದೆ. ಒಂದೇ ದಿನಕ್ಕೆ ಎರಡು ಬೆಲೆ ತೆತ್ತಂತಾಗುವ ಈ ಸ್ಥಿತಿಯೇ ತಪ್ಪಿನ ಅತ್ಯಂತ ಸ್ಪಷ್ಟವಾದ ಪುರಾವೆ. ಒಂದು ದಿನ ಸಂಬಳಸಹಿತ ರಜೆಯಾಗಿರಬಹುದು ಅಥವಾ ಸಂಬಳವಿಲ್ಲದ ರಜೆಯಾಗಿರಬಹುದು, ಎರಡೂ ಆಗಿರಲು ಸಾಧ್ಯವಿಲ್ಲ. ಕಂಪನಿಯ ಎರಡು ದಾಖಲೆಗಳು ಪರಸ್ಪರ ವಿರುದ್ಧವಾಗಿ ನಿಂತಿವೆ ಎಂದು ತೋರಿಸಿದ ಮೇಲೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಬರೆಯುವ ಮುನ್ನ ನೋಡಬೇಕಾದ್ದು

ಕೈಗೆ ಬಂದ ಹಣ ಕಡಿಮೆಯಾಗಿದೆ ಎಂದ ಮಾತ್ರಕ್ಕೆ ಲೆಕ್ಕ ತಪ್ಪಿದೆ ಎಂದಲ್ಲ. ತಪ್ಪೆಂದು ಕಂಡರೂ ಸರಿಯಾಗಿಯೇ ಇರುವ ಕಡಿತಗಳಿವೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. ಆದರೆ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಫೆಬ್ರವರಿ ತಿಂಗಳಿಗೆ ಮಾತ್ರ 300 ರೂಪಾಯಿ ಹಿಡಿಯಲಾಗುತ್ತದೆ. ಸಂವಿಧಾನ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 11 ತಿಂಗಳ 200 ಮತ್ತು ಒಂದು ತಿಂಗಳ 300 ಸೇರಿದರೆ ಅಷ್ಟೇ ಆಗುತ್ತದೆ. ಫೆಬ್ರವರಿಯ ಹೆಚ್ಚುವರಿ 100 ರೂಪಾಯಿ ತಪ್ಪಲ್ಲ.

ಇಎಸ್‌ಐ ವಿಷಯವೂ ಹೀಗೆಯೇ. ಅದರ ಸಂಬಳದ ಮಿತಿ 21,000 ರೂಪಾಯಿ. ಜುಲೈನಲ್ಲಿ ಸಂಬಳ ಏರಿ ಆ ಮಿತಿ ದಾಟಿದರೂ ಕಡಿತ ಆಗಲೇ ನಿಲ್ಲುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಲ್ಲಿ ನಡೆಯುತ್ತಿರುವ ಅವಧಿ ಮುಗಿಯುವವರೆಗೆ ಶೇ. 0.75ರಷ್ಟು ಕಡಿತ ಮುಂದುವರಿಯುತ್ತದೆ. ಹಾಗಾಗಿ ಸೆಪ್ಟೆಂಬರ್ ಚೀಟಿಯಲ್ಲಿ ಇಎಸ್‌ಐ ಇದ್ದರೆ ಸರಿ, ಅಕ್ಟೋಬರ್‌ನಲ್ಲೂ ಇದ್ದರೆ ಮಾತ್ರ ಕೇಳಬೇಕು.

ಎಲ್‌ಒಪಿ ವಿಷಯದಲ್ಲಿ ಮೂರು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು ಪೇಸ್ಲಿಪ್, ಅದರಲ್ಲಿ ಸಂಬಳ ನೀಡಿದ ದಿನಗಳು ಎಷ್ಟು, ಎಲ್‌ಒಪಿ ದಿನಗಳು ಎಷ್ಟು ಎಂಬುದಿರುತ್ತದೆ. ಎರಡನೆಯದು ಹಾಜರಿ ಪಟ್ಟಿ. ಯಾವ ಯಾವ ತಾರೀಖಿನ ಮುಂದೆ ಗೈರು ಎಂದು ನಮೂದಾಗಿದೆ ಎಂಬುದನ್ನು ಅದು ಹೇಳುತ್ತದೆ. ಮೂರನೆಯದು ರಜೆ ಖಾತೆ. ಅರ್ಜಿಯ ದಿನಾಂಕ, ಮಂಜೂರಾತಿಯ ದಿನಾಂಕ, ಹಿಂದಿನ ಶಿಲ್ಕು, ಈಗಿನ ಶಿಲ್ಕು ಅಲ್ಲಿ ಸಿಗುತ್ತವೆ. ಖಾತೆಯಲ್ಲಿ ರಜೆಯೇ ಉಳಿದಿರದಿದ್ದರೆ ಎಲ್‌ಒಪಿ ಸರಿಯಾದದ್ದೇ. ಎರಡು ರಜೆಗಳ ನಡುವೆ ಬಂದ ವಾರದ ರಜೆಯನ್ನೂ ಸೇರಿಸಿ ಎಣಿಸುವ ನಿಯಮ ಕೆಲವು ಕಂಪನಿಗಳಲ್ಲಿ ಉಂಟು. ಅಂಥ ಕಡೆ ನಾಲ್ಕು ದಿನದ ಬದಲು ಆರು ದಿನ ಕಡಿತವಾಗಿದ್ದರೆ ಮೊದಲು ರಜೆ ನಿಯಮಾವಳಿಯನ್ನು ಓದಬೇಕು.

ಒಂದು ಪ್ರಕರಣ, ಪೂರ್ತಿ ಲೆಕ್ಕ

ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 36,000 ರೂಪಾಯಿ ಒಟ್ಟು ಸಂಬಳ ಪಡೆಯುವ ನೌಕರರೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಬೇಸಿಕ್ 18,000, ಮನೆ ಬಾಡಿಗೆ ಭತ್ಯೆ 7,200, ವಿಶೇಷ ಭತ್ಯೆ 10,800. ಪಿಎಫ್ ಪೂರ್ತಿ ಬೇಸಿಕ್ ಮೇಲೆ ಶೇ. 12, ಅಂದರೆ 2,160 ರೂಪಾಯಿ. ವೃತ್ತಿ ತೆರಿಗೆ 200. ಆದಾಯ ತೆರಿಗೆ ಇಲ್ಲ. ಎಲ್ಲ ಸರಿಯಿದ್ದ ತಿಂಗಳಲ್ಲಿ ಕೈಗೆ ಬರುವುದು 33,640 ರೂಪಾಯಿ.

ಸೆಪ್ಟೆಂಬರ್ 15ರಿಂದ 18ರವರೆಗೆ ಇವರು ನಾಲ್ಕು ದಿನ ಗಳಿಕೆ ರಜೆ ಹಾಕುತ್ತಾರೆ. ಅರ್ಜಿ ಸಲ್ಲಿಸಿದ್ದು ಸೆಪ್ಟೆಂಬರ್ 8ರಂದು, ಮ್ಯಾನೇಜರ್ ಪೋರ್ಟಲ್‌ನಲ್ಲಿ ಮಂಜೂರು ಮಾಡಿದ್ದು 27ರಂದು. ಪೇರೋಲ್ ಗಡುವು 25ಕ್ಕೇ ಮುಗಿದಿತ್ತು. ತಿಂಗಳ ಕೊನೆಗೆ ಬಂದ ಚೀಟಿಯಲ್ಲಿ ಸಂಬಳ ನೀಡಿದ ದಿನಗಳು 26, ಎಲ್‌ಒಪಿ 4 ಎಂದಿದೆ. ಬೇಸಿಕ್ 15,600, ಬಾಡಿಗೆ ಭತ್ಯೆ 6,240, ವಿಶೇಷ ಭತ್ಯೆ 9,360, ಒಟ್ಟು 31,200. ಪಿಎಫ್ 1,872, ವೃತ್ತಿ ತೆರಿಗೆ 200 ಕಳೆದು ಕೈಗೆ ಬಂದದ್ದು 29,128 ರೂಪಾಯಿ. ರಜೆ ಖಾತೆಯ ಶಿಲ್ಕು ಮಾತ್ರ 14ರಿಂದ 10ಕ್ಕೆ ಇಳಿದಿದೆ.

ಈ ಕಂಪನಿ ತಿಂಗಳ ಸಂಬಳವನ್ನು ಆ ತಿಂಗಳ ಒಟ್ಟು ದಿನಗಳಿಂದ ಭಾಗಿಸುತ್ತದೆ. ಸೆಪ್ಟೆಂಬರ್‌ಗೆ 30 ದಿನ, ಹಾಗಾಗಿ ದಿನಕ್ಕೆ 1,200 ರೂಪಾಯಿ. ನಾಲ್ಕು ದಿನಕ್ಕೆ 4,800. ಇದರಲ್ಲಿ ಬೇಸಿಕ್‌ನ ಪಾಲು 2,400, ಬಾಡಿಗೆ ಭತ್ಯೆಯ ಪಾಲು 960, ವಿಶೇಷ ಭತ್ಯೆಯ ಪಾಲು 1,440. ಬರಬೇಕಾದ ಒಟ್ಟು ಬಾಕಿ ಇದು. ಕೆಲವು ಕಂಪನಿಗಳು ತಿಂಗಳು ಯಾವುದೇ ಇರಲಿ 30ರಿಂದ ಭಾಗಿಸುತ್ತವೆ, ಇನ್ನು ಕೆಲವು 26ರಿಂದ. ಯಾವ ಸಂಖ್ಯೆ ಬಳಸಿದ್ದಾರೆಂದು ತಿಳಿಯಲು ಚೀಟಿಯೇ ಸಾಕು: ಪೂರ್ತಿ ಬೇಸಿಕ್‌ಗೂ ಕಡಿತವಾದ ಬೇಸಿಕ್‌ಗೂ ಇರುವ ಅಂತರವನ್ನು ಎಲ್‌ಒಪಿ ದಿನಗಳಿಂದ ಭಾಗಿಸಿದರೆ ಒಂದು ದಿನದ ಬೇಸಿಕ್ ಸಿಗುತ್ತದೆ. ಇಲ್ಲಿ ಅದು 600 ರೂಪಾಯಿ. 18,000ವನ್ನು 600ರಿಂದ ಭಾಗಿಸಿದರೆ 30.

ಈಗ ಕೈಗೆ ಬರಬೇಕಾದ ಹಣ ಎಷ್ಟು? ಸರಿಯಾದ 33,640ರಿಂದ ಬಂದ 29,128 ಕಳೆದರೆ 4,512 ರೂಪಾಯಿ, 4,800 ಅಲ್ಲ. ವ್ಯತ್ಯಾಸದ 288 ರೂಪಾಯಿ, ಬಾಕಿ ಬೇಸಿಕ್ 2,400ರ ಮೇಲಿನ ಶೇ. 12ರ ಪಿಎಫ್. ಅದು ನೌಕರರ ಪಿಎಫ್ ಖಾತೆಗೆ ಹೋಗುತ್ತದೆ, ಕಂಪನಿಯೂ ತನ್ನ ಪಾಲಿನ 288 ಸೇರಿಸಬೇಕು. ಅಂದರೆ ತಪ್ಪು ಕಡಿತದಿಂದ ಕೈತಪ್ಪಿದ್ದು ಸಂಬಳ ಮಾತ್ರವಲ್ಲ, ಪಿಎಫ್ ಖಾತೆಯ 576 ರೂಪಾಯಿಯೂ ಹೌದು. ಇಮೇಲ್‌ನಲ್ಲಿ ಒಟ್ಟು ಬಾಕಿ 4,800 ಎಂದು ಬರೆದು, ಅದರ ಮೇಲೆ ಪಿಎಫ್ ಕಟ್ಟುವಂತೆಯೂ ಕೇಳಬೇಕು. ಪಿಎಫ್ ಅನ್ನು 15,000 ರೂಪಾಯಿ ಮಿತಿಗಷ್ಟೇ ಕಟ್ಟುವ ಕಂಪನಿಯಲ್ಲಿ ಲೆಕ್ಕ ಬೇರೆಯಾಗಬಹುದು. ಬೇಸಿಕ್ 18,000 ಇದ್ದಾಗಲೂ 15,600ಕ್ಕೆ ಇಳಿದಾಗಲೂ ಚೀಟಿಯಲ್ಲಿ ಪಿಎಫ್ 1,800 ಎಂದೇ ಇದ್ದರೆ, ಬಾಕಿಯ 4,800 ಪೂರ್ತಿ ಕೈಗೆ ಬರಬೇಕು.

ವೃತ್ತಿ ತೆರಿಗೆ ಈ ಪ್ರಕರಣದಲ್ಲಿ ಬದಲಾಗಲಿಲ್ಲ, ಏಕೆಂದರೆ ಕಡಿತವಾದ ಮೇಲೂ ಸಂಬಳ 25,000ಕ್ಕಿಂತ ಮೇಲೇ ಇತ್ತು. ಸಂಬಳ 26,500 ಇರುವವರಿಗೆ ನಾಲ್ಕು ದಿನ ಎಲ್‌ಒಪಿ ಆದರೆ ಆ ತಿಂಗಳ ಸಂಬಳ ಮಿತಿಗಿಂತ ಕೆಳಗಿಳಿದು 200 ರೂಪಾಯಿ ತೆರಿಗೆಯೇ ಬಿದ್ದಿರುವುದಿಲ್ಲ. ಬಾಕಿ ಕೊಡುವಾಗ ಆ 200 ಹಿಡಿದರೆ ಅದು ನ್ಯಾಯವಾದ ಕಡಿತವೇ.

ಇಮೇಲ್‌ನ ಕಟ್ಟಡ

ಇಮೇಲ್ ಓದುವವರು ದಿನಕ್ಕೆ ಹತ್ತಾರು ದೂರು ನೋಡುವವರು. ವಿಷಯದ ಸಾಲಿನಲ್ಲೇ ತಿಂಗಳು, ತಪ್ಪಿನ ಬಗೆ, ಮೊತ್ತ, ನೌಕರ ಸಂಖ್ಯೆ ಇದ್ದರೆ ತೆರೆಯುವ ಮೊದಲೇ ಅದು ಯಾರ ಮೇಜಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಮೊದಲ ಪ್ಯಾರಾದಲ್ಲಿ ತಪ್ಪು ಏನು ಎಂಬುದು, ಎರಡನೆಯದರಲ್ಲಿ ಅದಕ್ಕೆ ಪುರಾವೆ, ಮೂರನೆಯದರಲ್ಲಿ ಲೆಕ್ಕ, ನಾಲ್ಕನೆಯದರಲ್ಲಿ ಕೋರಿಕೆ. ಈ ಅನುಕ್ರಮ ಅವರ ಕೆಲಸದ ಅನುಕ್ರಮವೂ ಹೌದು: ಮೊದಲು ದಾಖಲೆ ಹುಡುಕುತ್ತಾರೆ, ಬಳಿಕ ಪರಿಶೀಲಿಸುತ್ತಾರೆ, ಬಳಿಕ ಲೆಕ್ಕ ಹಾಕುತ್ತಾರೆ, ಕೊನೆಗೆ ಮುಂದಿನ ತಿಂಗಳ ಪಟ್ಟಿಗೆ ಸೇರಿಸುತ್ತಾರೆ. ಹಲವು ಕಂಪನಿಗಳಲ್ಲಿ ಇಂಥ ಇಮೇಲ್ ಇಂಗ್ಲಿಷಿನಲ್ಲಿ ಹೋಗುತ್ತದೆ. ಭಾಷೆ ಯಾವುದಾದರೂ ಒಳಗಿನ ಸಂಗತಿ ಇದೇ.

ಮೇಲಿನ ಪ್ರಕರಣಕ್ಕೆ ಇಮೇಲ್ ಹೀಗಿರಬಹುದು:

ವಿಷಯ: ಸೆಪ್ಟೆಂಬರ್ ಪೇಸ್ಲಿಪ್‌ನಲ್ಲಿ 4 ದಿನ ತಪ್ಪು ಎಲ್‌ಒಪಿ, ರೂ. 4,800 ಬಾಕಿಗೆ ಕೋರಿಕೆ, ನೌಕರ ಸಂಖ್ಯೆ 2147

ಪೇರೋಲ್ ವಿಭಾಗದವರಿಗೆ ನಮಸ್ಕಾರ.

ನನ್ನ ಸೆಪ್ಟೆಂಬರ್ ತಿಂಗಳ ಪೇಸ್ಲಿಪ್‌ನಲ್ಲಿ 4 ದಿನ ಎಲ್‌ಒಪಿ ಎಂದು ನಮೂದಾಗಿದ್ದು, 30ರ ಬದಲು 26 ದಿನಗಳ ಸಂಬಳ ಪಾವತಿಯಾಗಿದೆ. ಈ ನಾಲ್ಕು ದಿನಗಳು, ಅಂದರೆ ಸೆಪ್ಟೆಂಬರ್ 15ರಿಂದ 18, ಮಂಜೂರಾದ ಗಳಿಕೆ ರಜೆಯ ದಿನಗಳು.

ರಜೆಗೆ ಸೆಪ್ಟೆಂಬರ್ 8ರಂದು ಅರ್ಜಿ ಸಲ್ಲಿಸಿದ್ದೆ. ಸೆಪ್ಟೆಂಬರ್ 27ರಂದು ಪೋರ್ಟಲ್‌ನಲ್ಲಿ ಮಂಜೂರಾಗಿದೆ. ರಜೆ ಖಾತೆಯಿಂದ 4 ದಿನ ಕಳೆದು ಶಿಲ್ಕು 14ರಿಂದ 10ಕ್ಕೆ ಇಳಿದಿದೆ. ಮಂಜೂರಾತಿ 25ರ ಗಡುವಿನ ನಂತರ ಬಂದದ್ದರಿಂದ ಈ ದಿನಗಳು ಎಲ್‌ಒಪಿ ಎಂದು ಲೆಕ್ಕವಾಗಿರಬಹುದು.

ದಿನಕ್ಕೆ ರೂ. 1,200ರಂತೆ (36,000 ÷ 30) ನಾಲ್ಕು ದಿನಕ್ಕೆ ಒಟ್ಟು ಬಾಕಿ ರೂ. 4,800. ಬೇಸಿಕ್ 2,400, ಬಾಡಿಗೆ ಭತ್ಯೆ 960, ವಿಶೇಷ ಭತ್ಯೆ 1,440. ಬೇಸಿಕ್ ಬಾಕಿಯ ಮೇಲಿನ ಪಿಎಫ್ ರೂ. 288 ಕಳೆದು ಕೈಗೆ ಬರಬೇಕಾದದ್ದು ರೂ. 4,512.

ದಯವಿಟ್ಟು ಸೆಪ್ಟೆಂಬರ್‌ನ 4 ದಿನಗಳ ಎಲ್‌ಒಪಿ ರದ್ದುಪಡಿಸಿ, ಸೆಪ್ಟೆಂಬರ್‌ನ ದರದಲ್ಲೇ ಬಾಕಿಯನ್ನು ಅಕ್ಟೋಬರ್ ಸಂಬಳದೊಂದಿಗೆ ಪಾವತಿಸಿ, ಎರಡೂ ಪಾಲಿನ ಪಿಎಫ್ ಸರಿಪಡಿಸಬೇಕೆಂದು ಕೋರುತ್ತೇನೆ. ಅಕ್ಟೋಬರ್ ಗಡುವಿನ ಮೊದಲು ಸೇರಿಸಲು ಅನುಕೂಲವಾಗುವಂತೆ ಅಕ್ಟೋಬರ್ 10ರೊಳಗೆ ಖಚಿತಪಡಿಸಿದರೆ ಉಪಕಾರ. ನನ್ನ ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ತಮ್ಮ ಲೆಕ್ಕದ ವಿವರ ಕಳಿಸಿಕೊಡಿ.

ಲಗತ್ತು: ಸೆಪ್ಟೆಂಬರ್ ಪೇಸ್ಲಿಪ್, ರಜೆ ಮಂಜೂರಾತಿ, ರಜೆ ಖಾತೆಯ ಪ್ರತಿ, ಸೆಪ್ಟೆಂಬರ್ ಹಾಜರಿ ಪಟ್ಟಿ.

ವಂದನೆಗಳೊಂದಿಗೆ,
ಹೆಸರು, ನೌಕರ ಸಂಖ್ಯೆ, ವಿಭಾಗ

ಇಲ್ಲಿನ ಪ್ರತಿ ವಾಕ್ಯಕ್ಕೂ ಒಂದು ಕೆಲಸವಿದೆ. ಗಡುವಿನ ಪ್ರಸ್ತಾಪ ತಪ್ಪಿನ ಕಾರಣವನ್ನು ತೋರಿಸುತ್ತದೆ, ಯಾರನ್ನೂ ದೂರುವುದಿಲ್ಲ. ತಪ್ಪು ಪೇರೋಲ್‌ನವರದ್ದಲ್ಲ ಎಂದು ಓದಿದವರಿಗೆ ಅಲ್ಲೇ ತಿಳಿಯುವುದರಿಂದ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುವುದಿಲ್ಲ. ಘಟಕವಾರು ಲೆಕ್ಕ ಕೊಟ್ಟಿರುವುದರಿಂದ ಅವರು ತಮ್ಮ ತಂತ್ರಾಂಶದ ಲೆಕ್ಕದೊಂದಿಗೆ ಸಾಲು ಸಾಲಾಗಿ ತಾಳೆ ನೋಡಬಹುದು. ಉತ್ತರಕ್ಕೆ ಕೇಳಿದ ದಿನಾಂಕ ಅಕ್ಟೋಬರ್ 25ರ ಗಡುವಿಗೆ ಎರಡು ವಾರ ಮೊದಲಿನದು. ಏನಾದರೂ ಕೊರತೆಯಿದ್ದರೆ ತುಂಬಲು ಸಮಯ ಉಳಿಯುತ್ತದೆ.

ಮಂಜೂರು ಮಾಡಿದ ಮ್ಯಾನೇಜರ್‌ಗೆ ಇದರ ಪ್ರತಿ ಹೋಗಬೇಕು. ಗಡುವು ಮೀರಿದ ರಜೆಯನ್ನು ಹಿಂದಿನ ತಿಂಗಳಿಗೆ ಸೇರಿಸಲು ಪೇರೋಲ್‌ಗೆ ಅನೇಕ ಕಡೆ ಅವರ ಒಂದು ಸಾಲಿನ ದೃಢೀಕರಣ ಬೇಕಾಗುತ್ತದೆ. ಅದು ಮೊದಲೇ ಬಂದರೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ. ಬ್ಯಾಂಕ್ ಖಾತೆ ಸಂಖ್ಯೆ, ಪ್ಯಾನ್, ಆಧಾರ್ ಇವುಗಳನ್ನು ಇಮೇಲ್‌ನಲ್ಲಿ ಬರೆಯುವ ಅಗತ್ಯವಿಲ್ಲ. ನೌಕರ ಸಂಖ್ಯೆಯಿಂದ ಅವರಿಗೆ ಎಲ್ಲವೂ ಸಿಗುತ್ತದೆ. ಪೇಸ್ಲಿಪ್‌ನಲ್ಲಿ ಅಂಥ ಕೆಲವು ವಿವರಗಳು ಇರಬಹುದಾದ್ದರಿಂದ, ಸಂಬಂಧವಿಲ್ಲದವರಿಗೆ ಇಮೇಲ್‌ನ ಪ್ರತಿ ಹಾಕದಿರುವುದೂ ಒಳ್ಳೆಯದು.

ಒಂದಕ್ಕಿಂತ ಹೆಚ್ಚು ತಿಂಗಳು ತಪ್ಪು ನಡೆದಿದ್ದರೆ ಒಟ್ಟು ಮೊತ್ತವೊಂದನ್ನೇ ಹೇಳಿದರೆ ಸಾಲದು. ಕಂಪನಿಯ ಬಸ್ ಬಳಕೆ ನಿಲ್ಲಿಸಿದ ಮೇಲೂ ಬಸ್ ಶುಲ್ಕ ಹಿಡಿಯುತ್ತಲೇ ಬಂದಂಥ ಪ್ರಕರಣಗಳಲ್ಲಿ ತಿಂಗಳು, ಹಿಡಿದದ್ದು, ಹಿಡಿಯಬೇಕಿದ್ದದ್ದು, ವ್ಯತ್ಯಾಸ ಎಂಬ ನಾಲ್ಕು ಕಾಲಂಗಳ ಪಟ್ಟಿ ಬೇಕು. ಬಸ್ ಸೇವೆ ರದ್ದುಪಡಿಸಿದ ದಿನದ ದಾಖಲೆ ಅದರ ಜೊತೆಗಿರಬೇಕು. ಮುಂದಿನ ತಿಂಗಳಿಂದ ಆ ಕಡಿತವನ್ನು ನಿಲ್ಲಿಸುವಂತೆಯೂ ಕೇಳಬೇಕು, ಇಲ್ಲವಾದರೆ ಹಳೆಯ ಬಾಕಿ ಬಂದರೂ ಹೊಸ ಬಾಕಿ ಬೆಳೆಯುತ್ತಲೇ ಇರುತ್ತದೆ.

ಉತ್ತರ ಬಂದ ಮೇಲೆ

'ಮುಂದಿನ ತಿಂಗಳು ಸೇರಿಸುತ್ತೇವೆ' ಎಂಬ ಉತ್ತರದಿಂದ ವಿಷಯ ಮುಗಿಯುವುದಿಲ್ಲ. ಮುಂದಿನ ಚೀಟಿಯಲ್ಲಿ ನೋಡಿ ಖಚಿತಪಡಿಸಿಕೊಂಡಾಗಲೇ ಅದು ಮುಗಿಯುವುದು. ಈ ಪ್ರಕರಣದಲ್ಲಿ ಅಕ್ಟೋಬರ್ ಚೀಟಿಯ ಗಳಿಕೆ ಕಾಲಂನಲ್ಲಿ ಆ ತಿಂಗಳ 36,000ದ ಜೊತೆಗೆ ಅರಿಯರ್ಸ್ ಎಂಬ ಹೆಸರಿನಲ್ಲಿ 4,800 ಇರಬೇಕು. ಪಿಎಫ್ 2,160ರ ಜೊತೆ 288 ಸೇರಿ 2,448. ವೃತ್ತಿ ತೆರಿಗೆ 200. ಕೈಗೆ ಬರಬೇಕಾದದ್ದು 38,152 ರೂಪಾಯಿ, ಅಂದರೆ ಎಂದಿನ 33,640ಕ್ಕಿಂತ ಸರಿಯಾಗಿ 4,512 ಹೆಚ್ಚು.

ಅತಿ ಸಾಮಾನ್ಯವಾದ ತಪ್ಪು ಇಲ್ಲಿ ನುಸುಳುತ್ತದೆ. ಅಕ್ಟೋಬರ್‌ಗೆ 31 ದಿನ. ತಂತ್ರಾಂಶ ಆ ನಾಲ್ಕು ದಿನಗಳನ್ನು ಅಕ್ಟೋಬರ್‌ನ ದಿನಗಳೆಂದು ಭಾವಿಸಿ 36,000ವನ್ನು 31ರಿಂದ ಭಾಗಿಸಿದರೆ ನಾಲ್ಕು ದಿನಕ್ಕೆ 4,645 ರೂಪಾಯಿ ಮಾತ್ರ ಬರುತ್ತದೆ. ಸುಮಾರು 155 ರೂಪಾಯಿ ಕೊರತೆ. ಕಡಿತವಾದದ್ದು ಸೆಪ್ಟೆಂಬರ್‌ನ ದರದಲ್ಲಿ, ಮರಳಬೇಕಾದದ್ದೂ ಅದೇ ದರದಲ್ಲಿ. ನಡುವೆ ಸಂಬಳ ಏರಿದ್ದರೂ ಇದೇ ನಿಯಮ: ಹಳೆಯ ತಿಂಗಳ ಬಾಕಿಗೆ ಹಳೆಯ ತಿಂಗಳ ಸಂಬಳವೇ ಆಧಾರ, ಹೊಸ ಸಂಬಳ ಅಲ್ಲ. ಇಮೇಲ್‌ನಲ್ಲಿ 'ಸೆಪ್ಟೆಂಬರ್‌ನ ದರದಲ್ಲೇ' ಎಂಬ ಮಾತು ಸೇರಿದ್ದು ಇದಕ್ಕಾಗಿ.

ಇನ್ನೊಂದು ತಪ್ಪು ಎಂದರೆ, ಎಲ್‌ಒಪಿ ರದ್ದುಮಾಡುವ ಬದಲು 4,800 ರೂಪಾಯಿಯನ್ನು 'ಇತರ ಭತ್ಯೆ' ಎಂಬ ಹೆಸರಿನಲ್ಲಿ ಕೊಟ್ಟುಬಿಡುವುದು. ಕೈಗೆ ಸ್ವಲ್ಪ ಹೆಚ್ಚೇ ಬಂದಂತೆ ಕಾಣುತ್ತದೆ, ಆದರೆ ಬೇಸಿಕ್ ಬಾಕಿಯ ಮೇಲೆ ಪಿಎಫ್ ಬೀಳುವುದಿಲ್ಲ, ಸೆಪ್ಟೆಂಬರ್‌ನ ದಾಖಲೆಯಲ್ಲಿ ನಾಲ್ಕು ಎಲ್‌ಒಪಿ ದಿನಗಳು ಹಾಗೆಯೇ ಉಳಿಯುತ್ತವೆ. ಈ ದಿನಗಳ ಪರಿಣಾಮ ಆ ಒಂದು ತಿಂಗಳಿಗೇ ಮುಗಿಯುವುದಿಲ್ಲ. ಕಂಪನಿ ಪ್ರತಿ ತಿಂಗಳು ಪಿಎಫ್ ಕಚೇರಿಗೆ ಸಲ್ಲಿಸುವ ವಿವರಪಟ್ಟಿಯಲ್ಲಿ ವಂತಿಗೆ ಇಲ್ಲದ ದಿನಗಳು ಎಂಬ ಕಾಲಂ ಇದೆ, ಎಲ್‌ಒಪಿ ದಿನಗಳು ಅಲ್ಲಿ ಸೇರುತ್ತವೆ. ನೌಕರರ ಪಿಂಚಣಿ ಯೋಜನೆಯಲ್ಲಿ ಸೇವಾವಧಿ ಲೆಕ್ಕ ಹಾಕುವಾಗ ಇಂಥ ದಿನಗಳನ್ನು ಕಳೆಯುತ್ತಾರೆ. ಆದ್ದರಿಂದ ಹಣ ಬಂದಮೇಲೂ ಪೇಸ್ಲಿಪ್‌ನಲ್ಲಿ ಎಲ್‌ಒಪಿ ರದ್ದಾದ ದಿನಗಳು 4 ಎಂಬ ನಮೂದು ಇದೆಯೇ, ಪಿಎಫ್ ಪಾಸ್‌ಬುಕ್‌ನಲ್ಲಿ ಬಾಕಿಯ ಎರಡೂ ಪಾಲು ಜಮೆಯಾಗಿವೆಯೇ ಎಂದು ನೋಡಬೇಕು.

ಮಾರ್ಚ್‌ನ ತಪ್ಪು ಕಡಿತಕ್ಕೆ ಏಪ್ರಿಲ್‌ನಲ್ಲಿ ಬಾಕಿ ಬಂದರೆ ಅದು ಮುಂದಿನ ಆರ್ಥಿಕ ವರ್ಷದ ಆದಾಯವಾಗಿ ಸೇರಬಹುದು. ಅದರಿಂದ ತೆರಿಗೆ ಹೆಚ್ಚಾದರೆ, ಹಿಂದಿನ ವರ್ಷದ ಬಾಕಿ ಸಂಬಳಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಪರಿಹಾರವಿದೆ. ಅದನ್ನು ಕೇಳಲು ಯಾವ ತಿಂಗಳ ಬಾಕಿ ಎಂಬುದು ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು. ಇಮೇಲ್ ಮತ್ತು ಅದರ ಉತ್ತರ ಅಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಉತ್ತರ ಬಾರದಿದ್ದರೆ

ಕೇಳಿದ ದಿನಾಂಕದೊಳಗೆ ಉತ್ತರ ಬರದಿದ್ದರೆ ಹೊಸ ಇಮೇಲ್ ಬರೆಯಬಾರದು. ಹಳೆಯ ಇಮೇಲ್‌ಗೇ ಉತ್ತರವಾಗಿ ಬರೆದರೆ ಮೊದಲ ಪತ್ರದ ದಿನಾಂಕ, ಲಗತ್ತು, ಲೆಕ್ಕ ಎಲ್ಲವೂ ಒಂದೇ ಎಳೆಯಲ್ಲಿ ಉಳಿಯುತ್ತವೆ. ಈ ಸಲ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೂ ಪ್ರತಿ ಹಾಕಬಹುದು. 'ಮಂಜೂರಾತಿ ತಡವಾದ್ದರಿಂದ ಸಾಧ್ಯವಿಲ್ಲ' ಎಂಬ ಉತ್ತರ ಬಂದರೆ ಒಂದೇ ಪ್ರಶ್ನೆ ಸಾಕು: ಆ ನಾಲ್ಕು ದಿನ ಎಲ್‌ಒಪಿ ಎಂದೇ ಕಂಪನಿಯ ನಿಲುವಾದರೆ, ರಜೆ ಖಾತೆಯಿಂದ ಕಳೆದ ನಾಲ್ಕು ದಿನ ಎಲ್ಲಿ ಹೋದವು? ರಜೆಯನ್ನು ಖಾತೆಗೆ ಮರಳಿಸುತ್ತೇವೆ, ಕಡಿತ ಹಾಗೆಯೇ ಇರಲಿ ಎಂದು ಕೆಲವು ಕಡೆ ಹೇಳುವುದುಂಟು. ಅರ್ಜಿಯನ್ನು ರಜೆಗೆ ಮೊದಲೇ ಸಲ್ಲಿಸಿ ಅದು ಮಂಜೂರೂ ಆಗಿರುವಾಗ ನೌಕರರು ಇದನ್ನು ಒಪ್ಪಬೇಕಾಗಿಲ್ಲ.

ಕಾನೂನಿನ ಬೆಂಬಲವೂ ಇದೆ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಪ್ರತಿ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳಸಹಿತ ರಜೆ ದೊರೆಯುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ 2019 ಸಂಬಳದಿಂದ ಯಾವ ಯಾವ ಕಡಿತ ಮಾಡಬಹುದು ಎಂಬುದನ್ನು 18ನೇ ಸೆಕ್ಷನ್‌ನಲ್ಲಿ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಇಲ್ಲದ ಕಡಿತಕ್ಕೆ ಅವಕಾಶವಿಲ್ಲ. ಗೈರುಹಾಜರಿಗೆ ಕಡಿತ ಮಾಡಬಹುದಾದರೂ ಅದು ಗೈರಾದ ದಿನಗಳ ಪ್ರಮಾಣವನ್ನು ಮೀರಬಾರದು ಎಂದು 20ನೇ ಸೆಕ್ಷನ್ ಹೇಳುತ್ತದೆ. ಹಿಂದಿದ್ದ 1936ರ ವೇತನ ಪಾವತಿ ಕಾಯ್ದೆ ಕೊನೆಯ ಹಂತದಲ್ಲಿ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯಲ್ಲಿ ಅಂಥ ಮಿತಿ ಇಲ್ಲದ್ದರಿಂದ 36,000 ಸಂಬಳದ ಈ ನೌಕರರೂ ಅದರ ರಕ್ಷಣೆಗೆ ಬರುತ್ತಾರೆ.

ಕಂಪನಿಯೊಳಗೆ ಪರಿಹಾರ ಸಿಗದಿದ್ದರೆ ಸಂಹಿತೆಯ 45ನೇ ಸೆಕ್ಷನ್‌ನಡಿ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ನೌಕರರೇ ಸಲ್ಲಿಸಬಹುದು, ಅವರು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘವೂ ಸಲ್ಲಿಸಬಹುದು. ಹಕ್ಕು ಹುಟ್ಟಿದ ದಿನದಿಂದ ಮೂರು ವರ್ಷ ಇದಕ್ಕೆ ಕಾಲಾವಕಾಶ. ಹಳೆಯ ಕಾಯ್ದೆಯಲ್ಲಿ ಅದು 12 ತಿಂಗಳಿತ್ತು. ಬಾಕಿಯ ಜೊತೆಗೆ, ಆ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಅಲ್ಲಿ ಕೇಳುವ ದಾಖಲೆಗಳು ಇಮೇಲ್‌ಗೆ ಲಗತ್ತಿಸಿದವೇ: ಪೇಸ್ಲಿಪ್, ಹಾಜರಿ ಪಟ್ಟಿ, ರಜೆ ಮಂಜೂರಾತಿ, ರಜೆ ಖಾತೆ. ಕೆಲಸ ಬಿಟ್ಟ ದಿನವೇ ಕಂಪನಿಯ ಪೋರ್ಟಲ್ ಮತ್ತು ಇಮೇಲ್ ಮುಚ್ಚಿಹೋಗಬಹುದಾದ್ದರಿಂದ ಪೇಸ್ಲಿಪ್ ಮತ್ತು ರಜೆ ಖಾತೆಯ ಪ್ರತಿಗಳನ್ನು ಪ್ರತಿ ತಿಂಗಳು ಸ್ವಂತ ಸಂಗ್ರಹದಲ್ಲಿ ಉಳಿಸಿಕೊಳ್ಳಬೇಕು. ಪೇರೋಲ್‌ಗೆ ಬರೆದ ಪತ್ರ ಮತ್ತು ಅದರ ಉತ್ತರಗಳನ್ನು ಬಾಕಿ ಪೂರ್ತಿ ಸಂದಾಯವಾಗಿ, ಪಿಎಫ್ ಪಾಸ್‌ಬುಕ್‌ನಲ್ಲಿ ಜಮೆ ಕಾಣುವವರೆಗೆ ಕಾಪಾಡಿಕೊಳ್ಳಬೇಕು.